ಯುಲಿಪ್‌ನ ‘ಎರಡೂ ಸಿಗುತ್ತದೆ’ ಎಂಬ ಮಾತನ್ನು ನಂಬಿ ಕುಟುಂಬದ ರಕ್ಷಣೆಯನ್ನು ಅದಕ್ಕೆ ಬಿಡಬೇಡಿ

ನನ್ನ ಭಾವನವರು ತೀರಿಕೊಂಡಾಗ ಅವರ ಹೆಸರಿನಲ್ಲಿದ್ದ ಒಂದೇ ಜೀವವಿಮೆ ಯುಲಿಪ್ ಆಗಿತ್ತು. ಅಂದರೆ ಪ್ರೀಮಿಯಂನ ಒಂದು ಪಾಲು ಜೀವವಿಮೆಗೂ ಉಳಿದದ್ದು ಷೇರು, ಸಾಲಪತ್ರಗಳ ಫಂಡಿಗೂ ಹೋಗುವ ಪಾಲಿಸಿ; ವಿಮೆ, ಹೂಡಿಕೆ ಎರಡೂ ಸಿಗುತ್ತದೆ ಎಂದು ಮಾರುವುದು ಇದನ್ನೇ. ವರ್ಷಕ್ಕೆ 1 ಲಕ್ಷ ರೂಪಾಯಿ ಪ್ರೀಮಿಯಂ, 10 ಲಕ್ಷ ವಿಮಾ ಮೊತ್ತ. ಆರು ಕಂತು ಕಟ್ಟಿದ್ದರು, ಫಂಡ್ ಮೌಲ್ಯ 7.1 ಲಕ್ಷಕ್ಕೆ ಬಂದಿತ್ತು. ಅಕ್ಕ ಎರಡನ್ನೂ ಕೂಡಿಸಿ 17 ಲಕ್ಷ ಬರುತ್ತದೆಂದುಕೊಂಡಿದ್ದಳು. ಬಂದದ್ದು 10 ಲಕ್ಷ. ಗೃಹಸಾಲದಲ್ಲಿ ಬಾಕಿ ಇದ್ದದ್ದು 34 ಲಕ್ಷ.

ಇದರಲ್ಲಿ ವಿಮಾ ಕಂಪನಿ ಮೋಸ ಮಾಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೇಮ್ ತಡವಾಗದೆ ಇತ್ಯರ್ಥವಾಯಿತು. ಪಾಲಿಸಿ ದಾಖಲೆಯ ಮರಣ ಲಾಭದ ಭಾಗದಲ್ಲಿ, ವಿಮಾ ಮೊತ್ತ, ಫಂಡ್ ಮೌಲ್ಯ, ಅಲ್ಲಿಯವರೆಗೆ ಕಟ್ಟಿದ ಒಟ್ಟು ಪ್ರೀಮಿಯಂನ ಶೇ 105, ಈ ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಲಾಗುವುದು ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅಂದರೆ ಅಕ್ಕನ ಕೈಗೆ ಬಂದ 10 ಲಕ್ಷದಲ್ಲಿ 7.1 ಲಕ್ಷ ಭಾವನವರದೇ ಉಳಿತಾಯ. ವಿಮೆಯೆಂದು ಕಂಪನಿ ತನ್ನ ಕಡೆಯಿಂದ ಸೇರಿಸಿದ್ದು 2.9 ಲಕ್ಷ ಮಾತ್ರ. ಫಂಡ್ ಬೆಳೆದಷ್ಟೂ ಈ ಪಾಲು ಕುಗ್ಗುತ್ತದೆ, ಫಂಡ್ 10 ಲಕ್ಷ ದಾಟಿದರೆ ಬಹುತೇಕ ಇಲ್ಲವಾಗುತ್ತದೆ. ಈ ಬಗೆಯ ಪಾಲಿಸಿಯಲ್ಲಿ ರಕ್ಷಣೆಯೂ ಬೆಳವಣಿಗೆಯೂ ಜೊತೆಯಾಗಿ ನಡೆಯುವುದಿಲ್ಲ; ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ.

ವಿಮಾ ಮೊತ್ತದ ಜೊತೆಗೆ ಫಂಡ್ ಮೌಲ್ಯವನ್ನೂ ಕೊಡುವ ಇನ್ನೊಂದು ಬಗೆಯ ಯುಲಿಪ್ ಇದೆ. ಅಲ್ಲಿ ಕಂಪನಿಯ ಹೊಣೆ ಕುಗ್ಗುವುದಿಲ್ಲವಾದ್ದರಿಂದ, ಜೀವರಕ್ಷಣೆಯ ಶುಲ್ಕವನ್ನು ಇಡೀ ವಿಮಾ ಮೊತ್ತದ ಮೇಲೆ, ವಯಸ್ಸಿನೊಂದಿಗೆ ಏರುವ ದರದಲ್ಲಿ, ಪ್ರತಿ ತಿಂಗಳೂ ಫಂಡಿನಲ್ಲಿ ನಿಮ್ಮ ಪಾಲಾದ ಯೂನಿಟ್‌ಗಳಲ್ಲಿ ಕೆಲವನ್ನು ರದ್ದುಮಾಡಿ ವಸೂಲು ಮಾಡುತ್ತಾರೆ. ಆದರೂ ನನ್ನ ಮುಖ್ಯ ಆಕ್ಷೇಪ ಶುಲ್ಕದ್ದಲ್ಲ. ಫಂಡ್ ನಿರ್ವಹಣಾ ಶುಲ್ಕಕ್ಕೆ ವರ್ಷಕ್ಕೆ ಶೇ 1.35ರ ಮಿತಿಯಿದೆ, ಈಗ ಆನ್‌ಲೈನಿನಲ್ಲಿ ಸಿಗುವ ಕೆಲವು ಯುಲಿಪ್‌ಗಳು ಅಗ್ಗವಾಗಿಯೇ ಇವೆ. ತೊಂದರೆಯಿರುವುದು ಅಳತೆಯಲ್ಲಿ. ಸಾಮಾನ್ಯವಾಗಿ ಮಾರಾಟವಾಗುವ ಯುಲಿಪ್‌ನಲ್ಲಿ ವಿಮಾ ಮೊತ್ತ ವಾರ್ಷಿಕ ಪ್ರೀಮಿಯಂನ ಹತ್ತು ಪಟ್ಟಿನಷ್ಟು ಇರುತ್ತದೆ. ಆ ಲೆಕ್ಕದಲ್ಲಿ 1 ಕೋಟಿಯ ರಕ್ಷಣೆ ಬೇಕೆಂದರೆ ವರ್ಷಕ್ಕೆ 10 ಲಕ್ಷ ಕಟ್ಟಬೇಕು. ಸಂಬಳದಲ್ಲಿ ಬದುಕುವ ಯಾವ ಮನೆಯಲ್ಲಿ ಅದು ಸಾಧ್ಯ?

ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿಯ ಬಗ್ಗೆ ಭಾವನವರು ಬ್ಯಾಂಕಿನಲ್ಲಿ ಕೇಳಿದ್ದರು. “ಸಾರ್, ಅದರಲ್ಲಿ ನೀವು ಬದುಕಿದ್ದರೆ ಒಂದು ಪೈಸೆಯೂ ವಾಪಸ್ ಬರಲ್ಲ, ದುಡ್ಡು ದಂಡ” ಎಂದು ಅಲ್ಲಿನ ಅಧಿಕಾರಿ ಹೇಳಿದ್ದರಂತೆ. ವಾಪಸ್ ಬರುವುದಿಲ್ಲ ಎಂಬುದು ನಿಜ, ಅದು ಅಗ್ಗವಾಗಿರುವುದೂ ಅದೇ ಕಾರಣಕ್ಕೆ. ಪಾಲಿಸಿ ಮಾಡಿಸಿದಾಗ ಅವರಿಗೆ 36 ವರ್ಷ, ತಂಬಾಕಿನ ಅಭ್ಯಾಸವಿರಲಿಲ್ಲ, ಕಾಯಿಲೆಯೂ ಇರಲಿಲ್ಲ. ಅಂಥವರಿಗೆ 60ನೇ ವಯಸ್ಸಿನವರೆಗೆ 1 ಕೋಟಿಯ ಟರ್ಮ್ ಪಾಲಿಸಿ ವರ್ಷಕ್ಕೆ ಸುಮಾರು 15ರಿಂದ 20 ಸಾವಿರಕ್ಕೆ ಸಿಗುತ್ತಿತ್ತು. ಉಳಿದ 80 ಸಾವಿರವನ್ನು ಪಿಪಿಎಫ್ ಮತ್ತು ಇಂಡೆಕ್ಸ್ ಫಂಡ್‌ಗೆ ಹಾಕಿದ್ದರೆ, ಆರು ವರ್ಷಕ್ಕೆ ಅಸಲೇ 4.8 ಲಕ್ಷವಾಗುತ್ತಿತ್ತು. ಮೇಲೆ 1 ಕೋಟಿ. ಮನೆಯ ಸಾಲ ತೀರಿ ಮಕ್ಕಳ ಓದಿಗೂ ಉಳಿಯುತ್ತಿತ್ತು. ಅವರು ಬದುಕಿದ್ದಿದ್ದರೂ ಆ ಉಳಿತಾಯ ಅವರದಾಗಿಯೇ ಇರುತ್ತಿತ್ತು, ಹೋಗುತ್ತಿದ್ದುದು ಟರ್ಮ್ ಪ್ರೀಮಿಯಂ ಮಾತ್ರ.

ಸಾಕಷ್ಟು ಟರ್ಮ್ ವಿಮೆ ಇದ್ದು, ಅದರಾಚೆಗೆ ದೀರ್ಘಕಾಲದ ಹೂಡಿಕೆಯೆಂದು ಯುಲಿಪ್ ಇಟ್ಟುಕೊಂಡವರ ಮೇಲೆ ನನ್ನ ತಕರಾರಿಲ್ಲ. ಷೇರು ಫಂಡಿನಿಂದ ಸಾಲಪತ್ರಗಳ ಫಂಡಿಗೆ ತೆರಿಗೆಯಿಲ್ಲದೆ ಬದಲಾಯಿಸಿಕೊಳ್ಳುವ ಅನುಕೂಲ ಅದರಲ್ಲಿದೆ. ಆದರೆ 2021ರ ಫೆಬ್ರವರಿ 1ರಿಂದೀಚೆಗೆ ಕೊಂಡ ಯುಲಿಪ್‌ಗಳ ವಾರ್ಷಿಕ ಪ್ರೀಮಿಯಂ 2.5 ಲಕ್ಷ ಮೀರಿದರೆ, ಅವಧಿ ಮುಗಿದಾಗ ಬರುವ ಲಾಭಕ್ಕೆ ತೆರಿಗೆಯಿದೆ.

ಮನೆಯಲ್ಲಿ ಇಂಥ ಪಾಲಿಸಿ ಇದ್ದವರು ಇಂದೇ ಮರಣ ಲಾಭದ ಭಾಗ ತೆರೆದು, ‘ಯಾವುದು ಹೆಚ್ಚೋ ಅದು’ ಎಂದಿದೆಯೇ, ‘ಜೊತೆಗೆ’ ಎಂದಿದೆಯೇ ನೋಡಿ. ದಾಖಲೆ ಕೈಸೇರಿ 30 ದಿನ ಆಗಿಲ್ಲದಿದ್ದರೆ ಫ್ರೀ ಲುಕ್ ಅವಧಿಯಲ್ಲಿ ಹಿಂದಿರುಗಿಸಬಹುದು. ಅದು ಮೀರಿದ್ದರೆ ಕೋಪದಲ್ಲಿ ಕಂತು ನಿಲ್ಲಿಸಬೇಡಿ. ಮೊದಲ ಐದು ವರ್ಷದೊಳಗೆ ನಿಲ್ಲಿಸಿದರೆ ಹಣ ಸ್ಥಗಿತ ಪಾಲಿಸಿಗಳ ನಿಧಿಗೆ ಹೋಗಿ ಐದು ವರ್ಷ ತುಂಬುವವರೆಗೆ ಅಲ್ಲಿಯೇ ಉಳಿಯುತ್ತದೆ, ಜೀವರಕ್ಷಣೆ ಮಾತ್ರ ಕಂತಿನ ಗ್ರೇಸ್ ಅವಧಿ ಮುಗಿದ ಕೂಡಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ಟರ್ಮ್ ಪಾಲಿಸಿಗೆ ಅರ್ಜಿ ಹಾಕಿ; ಸಕ್ಕರೆ ಕಾಯಿಲೆ, ಧೂಮಪಾನ, ಈಗಿರುವ ಯುಲಿಪ್, ಯಾವುದನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ. ವೈದ್ಯಕೀಯ ಪರೀಕ್ಷೆ ಮುಗಿದು ಪಾಲಿಸಿ ದಾಖಲೆ ಕೈಗೆ ಬಂದ ಮೇಲಷ್ಟೇ ಯುಲಿಪ್ ನಿಲ್ಲಿಸುವ ಮಾತು, ಏಕೆಂದರೆ ಪರೀಕ್ಷೆಯಲ್ಲಿ ಏನಾದರೂ ಕಂಡುಬಂದು ಅರ್ಜಿ ತಿರಸ್ಕೃತವಾದರೆ, ನಿಮಗೆ ಉಳಿಯುವ ವಿಮೆ ಆ ಯುಲಿಪ್‌ನದೇ.