ಕ್ಯಾಶ್ಮೀರ್ ಮತ್ತು ಬ್ಲೆಂಡ್: ಎರಡು ಸ್ವೆಟರ್ ಕೆಲವು ಚಳಿಗಾಲ ಹಾಕಿದ ಮೇಲೆ

ನನ್ನ ಹತ್ತಿರ ಎರಡು ಸ್ವೆಟರ್ ಇವೆ. ಬೂದು ಬಣ್ಣದ್ದು ಪೂರ್ತಿ ಕ್ಯಾಶ್ಮೀರ್, ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮರೂನ್ ಬಣ್ಣದ್ದು 'ಕ್ಯಾಶ್ಮೀರ್ ಬ್ಲೆಂಡ್', ಮನೆಯವರು ಉಡುಗೊರೆ ಕೊಟ್ಟಿದ್ದು. ಡಿಸೆಂಬರ್ ಬೆಳಗ್ಗೆ ಸ್ಕೂಟರ್‌ನಲ್ಲಿ, ಉಳಿದ ತಿಂಗಳು ಆಫೀಸಿನ ಏಸಿಯಲ್ಲಿ ಎರಡನ್ನೂ ಹಾಕುತ್ತೇನೆ. ಬೆಂಗಳೂರಿನ ಚಳಿಗೆ ಇವು ಜಾಸ್ತಿಯೇ ಆಯ್ತು. ಆದರೆ ಬ್ಯಾಗಿನ ಪಟ್ಟಿ, ಮೇಜಿನ ಅಂಚು ಎಲ್ಲಕ್ಕೂ ಉಜ್ಜಿ ಉಜ್ಜಿ ಇವುಗಳ ನಿಜ ಗುಣ ಚೆನ್ನಾಗಿ ಹೊರಬಿತ್ತು.

ಮೊದಲ ಕೆಲವು ವಾರಗಳಲ್ಲಿ ಸಣ್ಣ ಉಂಡೆಗಳು ಎದ್ದಿದ್ದು ಅಸಲಿ ಕ್ಯಾಶ್ಮೀರಿನ ಮೇಲೇ ಜಾಸ್ತಿ! 'ಉಂಡೆ ಎದ್ದರೆ ಡೂಪ್ಲಿಕೇಟ್' ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ. ಕ್ಯಾಶ್ಮೀರ್ ಅಂದರೆ ಮೇಕೆಯ ಒಳತುಪ್ಪಳ. ಎಳೆಗಳು ತುಂಬಾ ಸಣ್ಣ, ಉದ್ದವೂ ಕಡಿಮೆ. ತುದಿಗಳು ನೂಲಿನಿಂದ ಹೊರಬಂದು ಉಜ್ಜಿದ ಕಡೆ ಸುತ್ತಿಕೊಳ್ಳುತ್ತವೆ. ನೋಡಬೇಕಾದ್ದು ಆಮೇಲೆ ಏನಾಗುತ್ತದೆ ಅನ್ನೋದನ್ನು. ಬೂದು ಸ್ವೆಟರಿನಲ್ಲಿ ಕಂಕುಳ ಕೆಳಗೆ, ಬ್ಯಾಗ್ ತಾಗುವ ಪಕ್ಕದಲ್ಲಿ ಮಾತ್ರ ಉಂಡೆ ಬಂತು. ಬಾಚಿದರೆ ಸುಲಭವಾಗಿ ಬಿಟ್ಟುಕೊಂಡಿತು. ಬಿಡಿ ಎಳೆಗಳು ಖಾಲಿಯಾದ ಹಾಗೆ ಕಡಿಮೆಯಾಗುತ್ತಾ ಹೋಯಿತು. ಮರೂನ್‌ದು ಬೇರೆಯೇ ಕಥೆ. ಅದರಲ್ಲಿ ಬೆರೆತಿರುವ ನೈಲಾನ್, ಅಕ್ರಿಲಿಕ್ ಅನ್ನೋ ಸಿಂಥೆಟಿಕ್ ಎಳೆಗಳು ಗಟ್ಟಿ, ಸುಲಭವಾಗಿ ತುಂಡಾಗುವುದಿಲ್ಲ. ಉಂಡೆಯ ಬುಡವನ್ನು ಅವೇ ಹಿಡಿದುಕೊಂಡಿರುತ್ತವೆ. ಕೈಯಲ್ಲಿ ಎಳೆದರೆ ನೂಲೇ ಎದ್ದು ಬರುತ್ತದೆ. ಮಷಿನ್‌ನಲ್ಲಿ ಶೇವ್ ಮಾಡಿದರೂ ಕೆಲವು ವಾರಗಳಲ್ಲಿ ಮತ್ತೆ ಹಾಜರ್.

ಹೆಣಿಗೆಯನ್ನು ಕಿಟಕಿ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಬೂದು ಸ್ವೆಟರ್ ಮೇಲೆ ಮಂಜಿನ ಹಾಗೆ ತೆಳ್ಳಗೆ, ಗಿಡ್ಡ ತುಪ್ಪಳ ಇದೆ, ಹೊಳಪು ಇಲ್ಲ. ಹೊಲಿಗೆ ಸಾಲು ಸ್ವಲ್ಪ ಮಸುಕಾಗಿ ಕಾಣುತ್ತದೆ. ಮರೂನ್‌ನಲ್ಲಿ ಪ್ರತಿ ಕುಣಿಕೆಯೂ ಒಂದೇ ಸಮ, ನೂಲಿಗೆ ಪ್ಲಾಸ್ಟಿಕ್‌ನಂಥ ಹೊಳಪು. ಆದರೆ ಅಂಗಡಿಯಲ್ಲೇ ಹತ್ತಿಯ ಹಾಗೆ ಉಬ್ಬಿರುವುದನ್ನು ನಾನು ಅಸಲಿ ಅಂತ ಒಪ್ಪಲ್ಲ. ಅಕ್ರಿಲಿಕ್ಕನ್ನೂ ಬ್ರಷ್ ಮಾಡಿ ಹಾಗೆ ಎಬ್ಬಿಸಬಹುದು. ಕಡಿಮೆ ದರ್ಜೆಯ ಕ್ಯಾಶ್ಮೀರನ್ನೂ ಜಾಸ್ತಿ ತೊಳೆದು ಮೆತ್ತಗೆ ಮಾಡಿರುತ್ತಾರೆ, ಅದು ಬೇಗ ಸವೆಯುತ್ತದೆ.

ಆನ್‌ಲೈನಿನಲ್ಲಿ ಮುಟ್ಟಿ ನೋಡೋಕೆ ಆಗಲ್ಲ ಅಲ್ವಾ, ಅಲ್ಲಿ ಲೇಬಲ್ ಫೋಟೋ ಒಂದೇ ಆಧಾರ. ಬೂದು ಸ್ವೆಟರ್ ಮಾರುತ್ತಿದ್ದವರು ಮೊದಲು ಕುತ್ತಿಗೆಯ ಲೇಬಲ್ ಫೋಟೋ ಮಾತ್ರ ಹಾಕಿದ್ದರು. 'ಒಳಗಡೆ ಪಕ್ಕದ ಹೊಲಿಗೆಯಲ್ಲಿ ಇನ್ನೊಂದು ಲೇಬಲ್ ಇರುತ್ತೆ ಮೇಡಂ, ಅದರ ಎರಡೂ ಬದಿ ಕಳಿಸಿ' ಅಂತ ಕೇಳಿದೆ. ಅದರಲ್ಲಿ 100% ಕ್ಯಾಶ್ಮೀರ್ ಅಂತ ಸ್ಪಷ್ಟವಾಗಿತ್ತು. ಮರೂನ್‌ನ ಕುತ್ತಿಗೆಯಲ್ಲಿ ದೊಡ್ಡದಾಗಿ ಕ್ಯಾಶ್ಮೀರ್ ಅಂತಿದೆ. ಪಕ್ಕದ ಲೇಬಲ್ ಓದಿದರೆ 5% ಕ್ಯಾಶ್ಮೀರ್, 30% ಉಣ್ಣೆ, ಉಳಿದದ್ದು ಅಕ್ರಿಲಿಕ್ ಮತ್ತು ನೈಲಾನ್. ಶೇಕಡಾವಾರು ಇಲ್ಲದೆ 'ಕ್ಯಾಶ್ಮೀರ್ ಫೀಲ್', 'ಕ್ಯಾಶ್ಮೀರ್ ಟಚ್' ಅಂತಷ್ಟೇ ಇದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಕ್ಯಾಶ್ಮಿಲಾನ್ ಅಂದರಂತೂ ಅಕ್ರಿಲಿಕ್ಕೇ.

ಕೊಂಡ ಮೇಲೆ ಖಾತ್ರಿ ಮಾಡಿಕೊಳ್ಳಲು ಬ್ಲೀಚ್ ಪರೀಕ್ಷೆ ಇದೆ. ಒಳಹೊಲಿಗೆಯಿಂದಲೋ, ಸ್ವೆಟರ್ ಜೊತೆ ಕೊಟ್ಟ ಹೆಚ್ಚುವರಿ ನೂಲಿನಿಂದಲೋ ಒಂದು ಸಣ್ಣ ತುಂಡು ತೆಗೆಯಿರಿ. ಬಾಚಿದ ಉಂಡೆ ಬೇಡ, ಅದರಲ್ಲಿ ಬೇರೆ ಬಟ್ಟೆಯ ನೂಲೂ ಸೇರಿರುತ್ತದೆ. ಗಾಜಿನ ಲೋಟದಲ್ಲಿ ಸ್ವಲ್ಪ ಕ್ಲೋರಿನ್ ಬ್ಲೀಚ್ ಹಾಕಿ, ನೀರು ಬೆರೆಸದೆ, ತುಂಡನ್ನು ಮುಳುಗಿಸಿ ಒಂದೆರಡು ಗಂಟೆ ಬಿಡಿ. ಉಣ್ಣೆ, ಕ್ಯಾಶ್ಮೀರ್ ಕೂದಲಿನ ಹಾಗೆ ಪ್ರೋಟೀನ್ ಆದ್ದರಿಂದ ಕರಗಿಹೋಗುತ್ತವೆ. ಅಕ್ರಿಲಿಕ್, ನೈಲಾನ್ ಹಾಗೇ ಉಳಿಯುತ್ತವೆ. ನನ್ನ ಬೂದು ನೂಲಿನಲ್ಲಿ ಏನೂ ಉಳಿಯಲಿಲ್ಲ. ಮರೂನ್‌ದು ತೆಳುವಾದ ಅಸ್ಥಿಪಂಜರದಂತೆ ಉಳಿಯಿತು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಬ್ಲೀಚ್ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ.

ಈ ಪರೀಕ್ಷೆ ಸಿಂಥೆಟಿಕ್‌ನಂಥ ಪ್ರೋಟೀನ್ ಅಲ್ಲದ ಎಳೆ ಇದೆಯಾ ಅಂತ ಮಾತ್ರ ಹೇಳುತ್ತದೆ. ಕ್ಯಾಶ್ಮೀರೂ ನಯವಾದ ಮೆರಿನೊ ಉಣ್ಣೆಯೂ ಒಂದೇ ಥರ ಕರಗುತ್ತವೆ. ಅವುಗಳ ವ್ಯತ್ಯಾಸ ಎಳೆಯ ಮೇಲಿನ ಚಿಪ್ಪುಗಳಲ್ಲಿ ಇರುತ್ತದೆ, ಅದಕ್ಕೆ ಲ್ಯಾಬಿನ ಸೂಕ್ಷ್ಮದರ್ಶಕ ಬೇಕು. ಹಾಗಾಗಿ ಪಕ್ಕದ ಲೇಬಲ್ ಕಿತ್ತುಹೋದ ಹಳೆ ಸ್ವೆಟರ್ ಆದರೆ ನಾನು ಮೆರಿನೊ ಬೆಲೆಯ ಮೇಲೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡುವುದಿಲ್ಲ.