ಒಟಿಪಿ ಹೇಳಿದ್ದೇ ಸಹಿ ಆಯ್ತು: ಆರೋಗ್ಯ ವಿಮೆ ಮಾಡಿಸೋರು ಇದನ್ನ ಓದಿ

ಮೂರು ದಿನದಿಂದ ನಿದ್ದೆ ಇಲ್ಲ. ಸಿಟ್ಟು ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಆದರೂ ಬರೀತಿದ್ದೀನಿ, ಇನ್ನೊಬ್ಬರ ಮನೇಲಿ ಹೀಗಾಗಬಾರದು.

ಅಪ್ಪನಿಗೆ 63 ವರ್ಷ. 14 ತಿಂಗಳ ಹಿಂದೆ ಅವರ ಹೆಸರಿಗೆ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದೆ. ಏಜೆಂಟ್ ನಮ್ಮ ಬೀದಿಯ ಹುಡುಗನೇ, ಚಿಕ್ಕಂದಿನಿಂದ ನೋಡಿದವನು. ಜಗಲಿ ಮೇಲೆ ಕೂತು ಟ್ಯಾಬ್‌ನಲ್ಲಿ ಅರ್ಜಿ ತುಂಬಿದ. ಕಾಯಿಲೆಗಳ ಪ್ರಶ್ನೆ ಬಂದಾಗ ನಾನೇ ಹೇಳಿದೆ, ಅಪ್ಪ ಆರು ವರ್ಷದಿಂದ ಬಿಪಿ ಮಾತ್ರೆ ತಗೋತಾರೆ ಅಂತ. "ಅದೆಲ್ಲ ಈಗ ಎಲ್ಲರಿಗೂ ಇರುತ್ತೆ ಅಣ್ಣ, ಹಾಕಿದ್ರೆ ಸುಮ್ನೆ ಮೆಡಿಕಲ್ ಟೆಸ್ಟ್ ಅಂತ ಓಡಾಡಿಸ್ತಾರೆ" ಅಂದ. ಸುಮ್ಮನಾದೆ. ಆಮೇಲೆ "ಒಂದು ಒಟಿಪಿ ಬರುತ್ತೆ, ಹೇಳಿ ಅಣ್ಣ" ಅಂದ. ಹೇಳಿದೆ. ಆರು ಅಂಕಿ. ಅಷ್ಟೇ.

ಹೋದ ತಿಂಗಳು ಅಪ್ಪನಿಗೆ ನಿಮೋನಿಯಾ. ಏಳು ದಿನ ಆಸ್ಪತ್ರೆ, ಬಿಲ್ 1,86,000 ರೂಪಾಯಿ. ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರ್ "ಮುಂಚೆ ಏನಾದ್ರೂ ಇದೆಯಾ" ಅಂತ ಕೇಳಿದ್ರು, ಅಮ್ಮ ಇದ್ದದ್ದು ಇದ್ದಂಗೆ ಹೇಳಿದಳು. ಅವರು ಕೇಸ್ ಶೀಟಲ್ಲಿ "ಆರು ವರ್ಷದಿಂದ ಬಿಪಿ" ಅಂತ ಬರೆದುಕೊಂಡರು. ಆ ಒಂದು ಸಾಲು ಸಾಕಾಯ್ತು. ಕ್ಯಾಶ್‌ಲೆಸ್ ತಿರಸ್ಕಾರ. ಬಿಲ್ ಕಟ್ಟಿ ಕ್ಲೇಮ್ ಹಾಕಿದೆ, ಅದೂ ತಿರಸ್ಕಾರ. ಮೇಲಿಂದ ಪಾಲಿಸಿನೇ ರದ್ದು. ಕಾರಣ: ಮಾಹಿತಿ ಮುಚ್ಚಿಟ್ಟಿದ್ದೀರಿ.

ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ನಿಮೋನಿಯಾಗೂ ಬಿಪಿಗೂ ಏನ್ರೀ ಸಂಬಂಧ? ಆ ಹೆಣ್ಣುಮಗಳು ಸಮಾಧಾನವಾಗೇ ಹೇಳಿದಳು: "ಸಂಬಂಧದ ಪ್ರಶ್ನೆ ಅಲ್ಲ ಸರ್. ಅರ್ಜೀಲಿ ಬಿಪಿ ಇಲ್ಲ ಅಂತಿದೆ. ಎಲ್ಲಾ ಮಾಹಿತಿ ಸತ್ಯ ಅಂತ ನೀವು ಘೋಷಣೆಗೆ ಒಪ್ಪಿದ್ದೀರಿ." ನಾನು ಸಹಿ ಮಾಡೇ ಇಲ್ಲ ಅಂದೆ. "ನಿಮ್ಮ ನಂಬರಿಗೆ ಹೋದ ಒಟಿಪಿಯಿಂದ ಕನ್ಫರ್ಮ್ ಆಗಿದೆ ಸರ್, ಸಂಜೆ 6.42ಕ್ಕೆ." ನಿಮಿಷದ ಸಮೇತ ಹೇಳಿದಳು. ಮೈಯೆಲ್ಲ ತಣ್ಣಗಾಯ್ತು.

ಆ ಹಳೇ ಮೆಸೇಜ್ ಇನ್ನೂ ಫೋನಲ್ಲೇ ಇದೆ. ತೆಗೆದು ನೋಡಿದೆ. ಬರೀ ಅಂಕಿ ಅಲ್ಲ, ಕೆಳಗೆ ಎರಡು ಸಾಲು: ಈ ಒಟಿಪಿ ಹಂಚಿಕೊಂಡರೆ ಅರ್ಜಿಯ ವಿವರಗಳನ್ನೂ ಆರೋಗ್ಯ ಘೋಷಣೆಯನ್ನೂ ನೀವು ಒಪ್ಪಿದಂತೆ. ಪಕ್ಕದಲ್ಲೇ ಅರ್ಜಿ ಓದೋಕೆ ಲಿಂಕ್. ಎಲ್ಲಾ ಅಲ್ಲೇ ಇತ್ತು. ನಾನು ಅಂಕಿ ಮಾತ್ರ ಓದಿದ್ದೆ.

ಪಾಲಿಸಿ ಜೊತೆ ಬಂದ ಪಿಡಿಎಫ್‌ನಲ್ಲಿ ನನ್ನ ಅರ್ಜಿಯ ಪ್ರತಿ ಕೊನೇಲಿತ್ತು. ಈಗ ಓದಿದೆ. ನಾಲ್ಕು ಚೌಕ, ನಾಲ್ಕಕ್ಕೂ ಟಿಕ್. ಒಂದು, ಉತ್ತರಗಳೆಲ್ಲ ಸತ್ಯ, ಏನೂ ಮುಚ್ಚಿಟ್ಟಿಲ್ಲ, ಇದರ ಆಧಾರದ ಮೇಲೇ ವಿಮೆ ಕೊಡಲಿ. ಎರಡು, ಯಾವ ಡಾಕ್ಟರ್, ಯಾವ ಆಸ್ಪತ್ರೆಯಿಂದ ಬೇಕಾದರೂ ನಮ್ಮ ದಾಖಲೆ ತರಿಸಿಕೊಳ್ಳಬಹುದು. (ಆಸ್ಪತ್ರೆಯಿಂದ ಕೇಸ್ ಶೀಟ್ ತರಿಸಿದ್ದು ಇದರ ಬಲದ ಮೇಲೇ.) ಮೂರು, ಮಾರಾಟದ ಕರೆ, ಮೆಸೇಜಿಗೆ ಒಪ್ಪಿಗೆ. ನಾಲ್ಕನೇದು ಓದಿ ರಕ್ತ ಕುದೀತು: ಅರ್ಜಿಯಲ್ಲಿರುವುದನ್ನೆಲ್ಲ ನನಗೆ ಗೊತ್ತಿರುವ ಭಾಷೆಯಲ್ಲಿ ವಿವರಿಸಲಾಗಿದೆ, ಅರ್ಥವಾಗಿದೆ. ಯಾರು ವಿವರಿಸಿದ್ರು? ಯಾವಾಗ? ಟ್ಯಾಬ್ ಪೂರ್ತಿ ಇಂಗ್ಲಿಷ್, ಅದರ ಪರದೆ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ!

ಹುಡುಗನನ್ನ ಹಿಡಿದು ಕೇಳಿದೆ. "ಒಟಿಪಿ ಕೊಟ್ಟಿದ್ದು ನೀವೇ ಅಲ್ವಾ ಅಣ್ಣ" ಅಂದ. ಬಿಪಿ ಹಾಕೋದು ಬೇಡ ಅಂದಿದ್ದು ನೀನೇ ಅಲ್ವಾ ಅಂದ್ರೆ "ನಾನು ಹಾಗೆ ಅಂದಿಲ್ಲ". ಬಾಯಿಮಾತಿಗೆ ಸಾಕ್ಷಿ ಎಲ್ಲಿದೆ?

ಹೊಟ್ಟೆ ಉರಿಯೋದು ಇದಕ್ಕೆ. ಬಿಪಿ ಇದೆ ಅಂತ ಬರೆಸಿದ್ದರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗ್ತಿತ್ತೇನೋ. ಬಿಪಿಯಿಂದ ಬರೋ ತೊಂದರೆಗಳಿಗೆ ಕಾಯೋ ಅವಧಿ ಇರ್ತಿತ್ತು, ಈಗಿನ ನಿಯಮದಲ್ಲಿ ಅದು ಹೆಚ್ಚೆಂದರೆ ಮೂರು ವರ್ಷ. ನಿಮೋನಿಯಾಗೆ ಆ ತಡೆ ಇರ್ತಿರಲಿಲ್ಲ. ಒಂದು "ಹೌದು" ಬರೆಸದೆ ಎಲ್ಲಾ ಕಳಕೊಂಡೆ.

ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೀನಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಮತ್ತೆ ಇದೇ ರಾಗ ಹಾಡಿದರೆ, ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗ್ತೀನಿ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಗೆಲ್ತೀನಿ ಅಂತ ಧೈರ್ಯವಿಲ್ಲ, ಆ ಟಿಕ್ ನನ್ನದೇ.

ನೀವು ಟ್ಯಾಬ್ ಕೈಗೆ ಇಸ್ಕೊಳ್ಳಿ. ಅವರು ಮುಖ ಸಿಂಡರಿಸಲಿ, ಇಸ್ಕೊಳ್ಳಿ. ಒಟಿಪಿ ಹೇಳೋ ಮುಂಚೆ ಮೆಸೇಜಿನ ಲಿಂಕ್ ಒತ್ತಿ ಕಾಯಿಲೆಯ ಪ್ರಶ್ನೆಗಳಿಗೆ ಹೌದು ಅಂತಿದೆಯೋ ಇಲ್ಲ ಅಂತಿದೆಯೋ ನೋಡಿ. ಈಗಾಗಲೇ ಮಾಡಿಸಿದೋರು ಪಿಡಿಎಫ್‌ನ ಕೊನೇ ಪುಟಗಳನ್ನ ಇವತ್ತೇ ತೆಗೀರಿ. ಪಾಲಿಸಿ ಕೈಸೇರಿ 30 ದಿನ ಆಗಿಲ್ಲದಿದ್ದರೆ ವಾಪಸ್ ಕೊಡಬಹುದು. ಆಗಿದ್ದರೂ ತಪ್ಪಿದ್ದನ್ನ ಇಮೇಲ್‌ನಲ್ಲಿ ಬರೆದು ತಿಳಿಸಿ, ಆಸ್ಪತ್ರೆ ಮೆಟ್ಟಿಲು ಹತ್ತೋ ಮುಂಚೆ.