ಬುಕಿಂಗ್ ಮೆಸೇಜು: 05/06/2026 ಅಂತ ಬರೆಯಬೇಕಾ, ಶುಕ್ರವಾರ 5 ಜೂನ್ ಅಂತಲಾ?

ಸಕಲೇಶಪುರದ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಒಂದೇ ಬುಕಿಂಗ್ ಮೆಸೇಜನ್ನು ಅಮ್ಮ ಕನ್ನಡದಲ್ಲಿ ಓದಿ ರೂಮ್ ರೆಡಿ ಮಾಡಬೇಕು, ಬರುವವರು ಇಂಗ್ಲಿಷಿನಲ್ಲಿ ಓದಿ ಹೊರಡಬೇಕು. ಹಾಗಾಗಿ ತಾರೀಖನ್ನು ಬೇರೆ ಬೇರೆ ರೀತಿ ಬರೆದು ಕಳಿಸಿ, ಓದಿದವರಿಗೆ ಏನು ಅರ್ಥವಾಯಿತು ಎಂದು ಕೇಳುತ್ತಾ ಬಂದೆ.

05/06/2026 ಬರೆಯೋದು ಸುಲಭ. ನಮ್ಮ ಕಡೆಯವರಿಗೆ ಅದು ಜೂನ್ 5. ಅಮೆರಿಕದಲ್ಲಿರುವ ಅಣ್ಣನ ಮಗಳಿಗೆ ಮೇ 6. ತೊಂದರೆ ಬರೋದು ತಿಂಗಳ ಮೊದಲ 12 ದಿನಗಳಲ್ಲಿ ಮಾತ್ರ. 25/06 ಅಂದರೆ ಗೊಂದಲವೇ ಇಲ್ಲ, 25ನೇ ತಿಂಗಳು ಇಲ್ಲವಲ್ಲ. ಕೊನೆಯ ವಾರದ ಬುಕಿಂಗ್‌ಗಳು ಸರಿಹೋಗುವುದರಿಂದ ಈ ಅಪಾಯ ಬೇಗ ಕಣ್ಣಿಗೆ ಬೀಳುವುದಿಲ್ಲ.

2026-06-05 ಎಂದು ಬರೆದರೆ ಎಕ್ಸೆಲ್ ಶೀಟಿನಲ್ಲಿ ಸಾರ್ಟ್ ಮಾಡಿದಾಗ ಸಾಲುಗಳು ತಾರೀಖಿನ ಕ್ರಮಕ್ಕೆ ಬರುತ್ತವೆ. ಅಲ್ಲಿ ಇದೇ ಬೆಸ್ಟ್. ಮೆಸೇಜಿನಲ್ಲಿ ಮಾತ್ರ ಅಮ್ಮ "ಇದರಲ್ಲಿ ತಾರೀಖು ಯಾವುದೋ?" ಎಂದು ಕೇಳಿದರು.

ನನ್ನ ಆಯ್ಕೆ "ಶುಕ್ರವಾರ, 5 ಜೂನ್ 2026". ತಿಂಗಳು ಅಕ್ಷರದಲ್ಲಿದೆ, ಜೊತೆಗೆ ವಾರವೂ ಇದೆ. ಮೇ 6 ಬುಧವಾರ. ಹಾಗಾಗಿ ಟೈಪ್ ಮಾಡುವಾಗ ಬೆರಳು ತಪ್ಪಿದರೂ ವಾರ ತಾಳೆಯಾಗದೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಅಂಕಿ ಮಾತ್ರ 5 ಎಂದೇ ಇರಲಿ. ೫ ಎಂದು ಬರೆದರೆ ಕನ್ನಡ ಬಾರದವರು ಅಲ್ಲೇ ನಿಲ್ಲುತ್ತಾರೆ.

ಇನ್ನು ರಾತ್ರಿಯ ಲೆಕ್ಕ. "5ರಿಂದ 7ರವರೆಗೆ" ಅಂದರೆ 7ರ ರಾತ್ರಿ ಸೇರಿತಾ, ಇಲ್ವಾ? "3 ದಿನ" ಅಂದರೂ ಅದೇ ಪ್ರಶ್ನೆ. ಉಳಿಯುವ ರಾತ್ರಿಗಳ ಹೆಸರನ್ನೇ ಬರೆದರೆ ಪ್ರಶ್ನೆ ಏಳುವುದಿಲ್ಲ. ನಡುರಾತ್ರಿ ದಾಟಿ ಬರುವವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. "ಶುಕ್ರವಾರ ರಾತ್ರಿ 12:30" ಅಂದರೆ ನಮ್ಮ ಮಾತಿನಲ್ಲಿ ಅದಿನ್ನೂ ಶುಕ್ರವಾರದ ರಾತ್ರಿಯೇ. ಅದೇ ಹೊತ್ತನ್ನು ಮೊಬೈಲು ಶನಿವಾರ 12:30 AM ಎಂದು ತೋರಿಸುತ್ತದೆ. 00:30 ಎಂದು ಬರೆದರೂ ಯಾವ ದಿನದ್ದು ಎಂದು ಅಮ್ಮನಿಗೆ ಹೊಳೆಯಲಿಲ್ಲ. ಈಗ "ಶುಕ್ರವಾರ ಮತ್ತು ಶನಿವಾರದ ನಡುವಿನ ರಾತ್ರಿ 12:30" ಎಂದು ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ. ಅಂಥವರಿಗೆ ರೂಮ್ ಶುಕ್ರವಾರದಿಂದಲೇ ಹಿಡಿದಿಡಬೇಕು.

ರೂಮಿನ ಲೆಕ್ಕದಲ್ಲಿ "ಡಬಲ್ ರೂಮ್" ಬೇಡ. ಕೆಲವರಿಗೆ ಅದು ಇಬ್ಬರು ಮಲಗುವ ಒಂದು ರೂಮ್, ಕೆಲವರಿಗೆ ಎರಡು ರೂಮ್. "2 ಬೆಡ್ ರೂಮ್" ಕಥೆಯೂ ಅಷ್ಟೇ. ರೂಮ್ ಎಷ್ಟು, ಜನ ಎಷ್ಟು ಎಂದು ಬೇರೆ ಬೇರೆ ಹೇಳಬೇಕು:

```
ಬರುವುದು: ಶುಕ್ರವಾರ, 5 ಜೂನ್ 2026, ಮಧ್ಯಾಹ್ನ 1:00
ಹೊರಡುವುದು: ಭಾನುವಾರ, 7 ಜೂನ್ 2026, ಬೆಳಿಗ್ಗೆ 11:00
2 ರಾತ್ರಿ: ಶುಕ್ರ, ಶನಿ
3 ರೂಮ್, ಪ್ರತಿ ರೂಮಿನಲ್ಲಿ 2 ಜನ, ಒಟ್ಟು 6 ಜನ
```

ಇದರ ಕೆಳಗೆ ಇಂಗ್ಲಿಷ್ ಸಾಲುಗಳನ್ನು ಇದೇ ಕ್ರಮದಲ್ಲಿ, `Fri, 5 Jun 2026, 1:00 PM` ಎಂಬಂತೆ ಹಾಕುತ್ತೇನೆ. ತಾರೀಖು ಬದಲಾದರೆ ಒಂದು ಸಾಲನ್ನಷ್ಟೇ ತಿದ್ದಿ ಕಳಿಸುವುದಿಲ್ಲ, ಎರಡೂ ಭಾಷೆಯಲ್ಲಿ ಪೂರ್ತಿ ಮೆಸೇಜನ್ನೇ ಹೊಸದಾಗಿ ಕಳಿಸುತ್ತೇನೆ.